ಊಟಕ್ಕೆ ಮುಂಚಿನ ಹಾಡು

(ಯುವಜನ ಸಂಘದ ವಿಡಿಯೋ ಸ್ಕ್ರಿಪ್ಟ್. ಬೆಳೆಹಬ್ಬದ ಹಿಂದಿನ ಭಾನುವಾರ, ಆರಾಧನೆ ಮುಗಿದ ಮೇಲೆ ಸಭಾಲಯದ ಹಾಲ್‌ನಲ್ಲಿ ಪ್ರೊಜೆಕ್ಟರ್ ಮೇಲೆ ತೋರಿಸಲಿಕ್ಕೆ. ಸುಮಾರು ಏಳು ನಿಮಿಷ. ಚಿತ್ರೀಕರಣ: ಠಾಣೆಯ ಶರ್ಮಿಳಾ ಅಕ್ಕನ ಮನೆಯ ಅಡುಗೆಮನೆ. ಕ್ಯಾಮೆರಾ ಹಿಂದೆ ನಿತಿನ್. ಅವನ ದನಿ ಮಾತ್ರ ಕೇಳಬೇಕು.)

ದೃಶ್ಯ 1

(ಊಟದ ಮೇಜು. ಸ್ಟೀಲ್ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಹಬೆ ಏಳುತ್ತಿದೆ. ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ, ಹುರಿದ ಒಣಮೀನು. ಮೇಜಿನ ತುದಿಯಲ್ಲಿ ಸಣ್ಣ ಕೀಬೋರ್ಡ್. ಶರ್ಮಿಳಾ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.)

ಶರ್ಮಿಳಾ: ಬೆಳೆಹಬ್ಬಕ್ಕೆ ನಾವು ಹಾಡುವ ಹಾಡು ಯಾವುದು ಅಂತ ಎಲ್ಲರಿಗೂ ಗೊತ್ತುಂಟು. ‘ನೌ ಥ್ಯಾಂಕ್ ವೀ ಆಲ್ ಅವರ್ ಗಾಡ್’, ಅದರ ಕನ್ನಡ. ಪ್ರತಿ ವರ್ಷ ಹಾಡ್ತೇವೆ. ನಿಮ್ಮಲ್ಲಿ ಅರ್ಧ ಜನ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಟ್ಟುಕೊಂಡು ಹಾಡ್ತೀರಿ, ಅದೂ ಗೊತ್ತುಂಟು. ಬೈಯಲಿಕ್ಕೆ ಹೇಳಿದ್ದಲ್ಲ. ಮುಂಬಯಿಯಲ್ಲಿ ಹುಟ್ಟಿ, ಮರಾಠಿ ಹಿಂದಿ ಮಧ್ಯೆ ಬೆಳೆದು, ಕನ್ನಡ ಆರಾಧನೆಗೆ ಬಂದು ಕೂರ್ತೀರಲ್ಲ, ಅದೇ ದೊಡ್ಡದು.

ನಿತಿನ್: ಅಕ್ಕ, ನನಗೆ ಓದಲಿಕ್ಕೆ ಬರ್ತದೆ.

ಶರ್ಮಿಳಾ: ನಿನಗೆ ಬರ್ತದೆ ಮಾರಾಯ, ನಿಧಾನಕ್ಕೆ ಬರ್ತದೆ. ನೀನು ಮೊನ್ನೆ ಪ್ರಾಕ್ಟೀಸಲ್ಲಿ ಏನು ಕೇಳಿದ್ದು?

ನಿತಿನ್: ಇದಕ್ಕೆ ಒಂದು ಒಳ್ಳೆ ಬೀಟ್ ಹಾಕುವಾ ಅಂದೆ. ಮಾರ್ಚಿಂಗ್ ತರಹ ಉಂಟಲ್ಲ ಅಕ್ಕ, ಡ್ರಮ್ಸ್ ಸೇರಿದ್ರೆ ಸಭೆ ಎದ್ದು ನಿಲ್ತದೆ.

ಶರ್ಮಿಳಾ: ಅದಕ್ಕೇ ಈ ವಿಡಿಯೋ. ಕೂತುಕೋ, ಗಂಜಿ ತಣ್ಣಗಾಗಲಿ.

ದೃಶ್ಯ 2

(ಹತ್ತಿರದಿಂದ ಶರ್ಮಿಳಾ. ತೆರೆಯ ಮೇಲೆ ಬರಹ: ‘ಮಾರ್ಟಿನ್ ರಿಂಕಾರ್ಟ್, 1586–1649, ಐಲೆನ್‌ಬುರ್ಗ್, ಜರ್ಮನಿ’)

ಶರ್ಮಿಳಾ: ಇದು ಜರ್ಮನ್ ಹಾಡು. ಮೊದಲ ಸಾಲು ‘ನೂನ್ ದಾಂಕೆಟ್ ಆಲ್ಲೆ ಗಾಟ್’. ಈಗ ಎಲ್ಲರೂ ದೇವರಿಗೆ ಕೃತಜ್ಞತೆ ಹೇಳಿರಿ, ಅಷ್ಟೇ. ಬರೆದವರು ಒಬ್ಬ ಸಭಾಪಾಲಕರು, ರಿಂಕಾರ್ಟ್ ಅಂತ. 1617ರಲ್ಲಿ ಹುಟ್ಟೂರಿಗೇ ಸೇವೆಗೆ ಬಂದರು. ಮರುವರ್ಷ ಯುದ್ಧ ಶುರು. ಮೂವತ್ತು ವರ್ಷ ನಡೆದ ಯುದ್ಧ, 1618ರಿಂದ 1648. ಅವರ ಸೇವೆಯ ಆಯುಷ್ಯವೆಲ್ಲ ಅದರಲ್ಲೇ ಹೋಯ್ತು. ಯುದ್ಧ ಮುಗಿದ ಮರುವರ್ಷ ಅವರೂ ತೀರಿಕೊಂಡರು.

ಐಲೆನ್‌ಬುರ್ಗಿಗೆ ಕೋಟೆಗೋಡೆ ಇತ್ತು. ಸುತ್ತಲಿನ ಹಳ್ಳಿಯವರೆಲ್ಲ ಪ್ರಾಣ ಉಳಿಸಿಕೊಳ್ಳಲಿಕ್ಕೆ ಒಳಗೆ ಬಂದು ತುಂಬಿಕೊಂಡರು. ಸಂಜೆ ಆರೂವರೆಯ ದಾದರ್ ನೆನಪು ಮಾಡಿಕೊಳ್ಳಿ, ಆದರೆ ಯಾರಿಗೂ ಮನೆಗೆ ಹೋಗುವ ಗಾಡಿ ಇಲ್ಲ. 1637ರಲ್ಲಿ ಅಲ್ಲಿ ಪ್ಲೇಗು ಬಂತು. ಊರಿನ ಬೇರೆ ಪಾದ್ರಿಗಳಲ್ಲಿ ಒಬ್ಬರು ಊರು ಬಿಟ್ಟರು, ಇಬ್ಬರು ಸತ್ತರು. ಉಳಿದದ್ದು ಇವರೊಬ್ಬರೇ. ಆ ಒಂದು ವರ್ಷದಲ್ಲಿ ನಾಲ್ಕು ಸಾವಿರಕ್ಕಿಂತ ಹೆಚ್ಚು ಜನರನ್ನು ಮಣ್ಣು ಮಾಡಿದರು. ಅದರಲ್ಲಿ ಅವರ ಹೆಂಡತಿಯೂ ಒಬ್ಬರು.

ನಿತಿನ್: ಆಮೇಲೆ ಈ ಹಾಡು ಬರೆದರು.

ಶರ್ಮಿಳಾ: ಹಾಂ, ನಿನಗೆ ಬಂದ ವಾಟ್ಸಾಪ್ ಫಾರ್ವರ್ಡಲ್ಲಿ ಹಾಗೇ ಉಂಟು. ಹೆಂಡತಿಯ ಸಮಾಧಿ ಪಕ್ಕ ಕೂತು ಬರೆದರು, ಹಿಂದೆ ಪಿಟೀಲು. ಇನ್ನೊಂದು ಫಾರ್ವರ್ಡಲ್ಲಿ ಯುದ್ಧ ಮುಗಿದ ಖುಷಿಗೆ ಬರೆದರು ಅಂತ. ಎರಡನೆಯದು ಖಂಡಿತ ಸುಳ್ಳು. ಯುದ್ಧ ಮುಗಿದದ್ದು 1648ರಲ್ಲಿ, ಹಾಡು 1647ರಲ್ಲೇ ರಾಗದ ಜೊತೆ ಅಚ್ಚಾಗಿತ್ತು. ಮೊದಲನೆಯದೂ ನಿಲ್ಲುವುದಿಲ್ಲ. ಈ ಹಾಡು ಇದ್ದ ರಿಂಕಾರ್ಟರ ಪುಸ್ತಕ 1636ರದ್ದು ಅಂತ ಬಲ್ಲವರು ಹೇಳ್ತಾರೆ. ಅಂದರೆ ಪ್ಲೇಗಿಗೆ ಒಂದು ವರ್ಷ ಮುಂಚೆ. ಆ ಮೊದಲ ಮುದ್ರಣದ ಪ್ರತಿ ಉಳಿದಿಲ್ಲ. 1663ರ ಮುದ್ರಣ ಉಂಟು. ಅದರಲ್ಲಿ ಈ ಹಾಡಿನ ತಲೆಬರಹ ಏನು ಗೊತ್ತುಂಟಾ?

(ಗಂಜಿ ಬಟ್ಟಲನ್ನು ಕ್ಯಾಮೆರಾ ಕಡೆಗೆ ಸರಿಸುತ್ತಾಳೆ.)

‘ಊಟದ ಪುಟ್ಟ ಪ್ರಾರ್ಥನೆ.’

ನಿತಿನ್: ಗ್ರೇಸಾ?

ಶರ್ಮಿಳಾ: ಗ್ರೇಸೇ. ಮನೆಯವರು, ಮಕ್ಕಳು ಮೇಜಿನ ಸುತ್ತ ಕೂತು ಹೇಳುವುದು. ಹಾಡು ಮೊದಲು ಬಂತು, ಕಷ್ಟ ಆಮೇಲೆ ಬಂತು. ನನಗೆ ಇದು ಫಾರ್ವರ್ಡಿನ ಕಥೆಗಿಂತ ದೊಡ್ಡದು ಅನಿಸ್ತದೆ. ದುಃಖದಲ್ಲಿ ಒಂದು ದಿನ ಒಂದು ಹಾಡು ಬರೆದುಬಿಡಬಹುದು. ಆದರೆ ದಿನಾ ಹಾಡಿದ ಹಾಡನ್ನೇ, ಒಂದು ಕುರ್ಚಿ ಖಾಲಿ ಆದ ಮೇಲೆ, ಅದೇ ಮೇಜಲ್ಲಿ ಮತ್ತೆ ಶುರು ಮಾಡಬೇಕಲ್ಲ.

(ಸ್ವಲ್ಪ ಹೊತ್ತು ಮೌನ. ಕತ್ತರಿಸಬೇಡಿ.)

2020ರಲ್ಲಿ ನಮ್ಮ ಅಜ್ಜಿ ಹೋದರು. ಸಮಾಧಿ ಹತ್ತಿರ ಕೆಲವೇ ಜನ. ಪಾಸ್ಟರ್ ಮಾಸ್ಕ್ ಒಳಗಿಂದ ಓದಿದರು, ಅರ್ಧ ಕೇಳಿಸಲಿಲ್ಲ. ಹಾಡಲಿಕ್ಕಂತೂ ಬಿಡಲಿಲ್ಲ. ರಾತ್ರಿ ಮನೆಗೆ ಬಂದು ಸ್ನಾನ ಮಾಡಿ ಇದೇ ಮೇಜಲ್ಲಿ ಕೂತೆವು. ಅಪ್ಪ ದಿನಾ ಊಟಕ್ಕೆ ಮುಂಚೆ ಈ ಹಾಡಿನ ಒಂದು ಚರಣ ಹೇಳ್ತಾರೆ, ಅಜ್ಜಿ ಕಲಿಸಿದ್ದು. ಅವತ್ತೂ ಅಭ್ಯಾಸಬಲಕ್ಕೆ ಶುರು ಮಾಡಿದರು. ಮೂರನೇ ಸಾಲಿಗೆ ನಿಂತರು. ಅಮ್ಮ ಮುಗಿಸಿದರು. ಅನ್ನ ತಣ್ಣಗಾಗಿತ್ತು, ಆದರೂ ಊಟ ಮಾಡಿದೆವು.

ದೃಶ್ಯ 3

(ಮೇಜಿನ ಮೇಲೆ ಅಜ್ಜಿಯ ಹಳೆಯ ಸಂಗೀತ ಪುಸ್ತಕ. ರಟ್ಟಿಗೆ ಕಂದು ಬಣ್ಣದ ಟೇಪು. ಶರ್ಮಿಳಾಳ ಬೆರಳು ಸಾಲುಗಳ ಮೇಲೆ.)

ಶರ್ಮಿಳಾ: ಈಗ ಮಾತುಗಳಿಗೆ ಬರುವಾ. ರಾಗಕ್ಕೆ ಕೂರಿಸುವಾಗ ಅನುವಾದದಲ್ಲಿ ಕೆಲವು ಮಾತು ಮಡಚಿಕೊಂಡು ಹೋಗ್ತದೆ. ಹಾಗಾಗಿ ಜರ್ಮನಿನಲ್ಲಿ ಏನಿದೆ ಅಂತ ಹೇಳ್ತೇನೆ.

ಮೊದಲ ಚರಣ. ದೇವರಿಗೆ ಕೃತಜ್ಞತೆ ಯಾವುದರಿಂದ? ಹೃದಯದಿಂದ, ಬಾಯಿಂದ, ಕೈಯಿಂದ. ಕೈ ಯಾಕೆ ಬಂತು ಅಂತ ಯೋಚನೆ ಮಾಡಿ. ಬಾಯಲ್ಲಿ ಥ್ಯಾಂಕ್ಯೂ ಹೇಳುವುದು ನಮಗೆ ಸುಲಭ. ಬೆಳೆಹಬ್ಬದ ದಿನ ಏಲಂನಲ್ಲಿ ಹಲಸಿನಕಾಯಿ ಮೇಲೆ ಸವಾಲು ಕೂಗಲಿಕ್ಕೂ ಜನ ಉಂಟು. ಆಮೇಲೆ ಕುರ್ಚಿ ಮಡಚಲಿಕ್ಕೆ, ಪಾತ್ರೆ ತಿಕ್ಕಲಿಕ್ಕೆ?

ನಿತಿನ್: ಅಕ್ಕ, ಕಳೆದ ವರ್ಷ ನಾನು ಮಡಚಿದ್ದೇನೆ.

ಶರ್ಮಿಳಾ: ಹನ್ನೊಂದು ಕುರ್ಚಿ. ಎಣಿಸಿದ್ದೇನೆ.

ಆಮೇಲಿನ ಸಾಲು ನನಗೆ ತುಂಬ ಇಷ್ಟ. ಇಂಗ್ಲಿಷಲ್ಲಿ ‘ಅಮ್ಮನ ತೋಳಿನಿಂದ’ ಅಂತ ಉಂಟು. ಕ್ಯಾಥರಿನ್ ವಿಂಕ್‌ವರ್ತ್ ಅನ್ನುವವರು 1858ರಲ್ಲಿ ಮಾಡಿದ ಅನುವಾದ ಅದು, ಒಳ್ಳೆಯದೇ. ಆದರೆ ಜರ್ಮನಿನಲ್ಲಿ ‘ತಾಯಿಯ ಗರ್ಭದಿಂದ, ಮಗುವಿನ ಕಾಲುಗಳಿಂದ’. ಮಗುವಿನ ಕಾಲು ಅಂದರೆ ತೊದಲುಹೆಜ್ಜೆ ಇಡುವ ಕಾಲ. ನಮ್ಮಲ್ಲಿ ‘ಅಂಬೆಗಾಲಿಡುವಾಗಿಂದ’ ಅಂತ ಹೇಳ್ತೇವಲ್ಲ, ಹಾಗೆ. ಅಲ್ಲಿಂದ ಇಲ್ಲಿಯವರೆಗೆ ಎಣಿಸಲಾಗದಷ್ಟು ಒಳ್ಳೆಯದು ಮಾಡಿದ್ದಾನೆ ಅಂತ. ಈ ‘ಇಲ್ಲಿಯವರೆಗೆ’ಯನ್ನು ಗಟ್ಟಿ ಹಿಡಿದುಕೊಳ್ಳಿ. ನಾಳೆ ಹೇಗೋ, ಅದರ ಮಾತು ಈ ಚರಣದಲ್ಲಿ ಇಲ್ಲ.

ಎರಡನೆಯ ಚರಣದಲ್ಲಿ ಬೇಡಿಕೆ. ಸಂತೋಷದ ಹೃದಯ ಕೊಡು, ಶಾಂತಿ ಕೊಡು. ನಮಗೆ ಶಾಂತಿ ಅಂದರೆ ಏನು? ಕಿವಿಗೆ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಸಿಗುವುದು. ರಿಂಕಾರ್ಟರ ಮನೆಯಲ್ಲಿ ಸೈನಿಕರನ್ನೇ ತಂದು ಇಳಿಸುತ್ತಿದ್ದರು. ಅವರಿಗೆ ಶಾಂತಿ ಅಂದರೆ ಮನೆ ಬಾಗಿಲು ಯಾರೂ ಒದೆಯದ ಒಂದು ರಾತ್ರಿ. ಹಾಡುವಾಗ ಆ ಪದವನ್ನು ಸುಮ್ಮನೆ ದಾಟಿ ಹೋಗಬೇಡಿ. ಕೊನೆಗೆ ‘ಎಲ್ಲ ಕಷ್ಟದಿಂದ ಬಿಡಿಸು, ಇಲ್ಲೂ ಅಲ್ಲೂ’ ಅಂತ ಬರ್ತದೆ. ಅಲ್ಲಿ ಮಾತ್ರ ಅಲ್ಲ, ಇಲ್ಲೂ.

ಮೂರನೆಯದು ತ್ರಯೇಕ ದೇವರ ಸ್ತುತಿ. ಅದು ನಿಮಗೆ ಭಾನುವಾರ ಶಾಲೆಯಿಂದ ಗೊತ್ತುಂಟು.

ಒಂದು ಸಣ್ಣ ವಿಷಯ. ಮೊದಲೆರಡು ಚರಣದ ಮೂಲ ಸಿರಾಖನ ಪುಸ್ತಕ, 50ನೇ ಅಧ್ಯಾಯ. ನಮ್ಮ ಬೈಬಲಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕಥೋಲಿಕ ಗೆಳೆಯರ ಬೈಬಲಿನಲ್ಲಿ ಉಂಟು. ವಸಾಯಿ, ಬಾಂದ್ರಾ ಕಡೆ ನಿಮಗೆಲ್ಲ ಗೆಳೆಯರಿದ್ದಾರಲ್ಲ, ಕೇಳಿ ತಂದು ಓದಿ.

ದೃಶ್ಯ 4

(ಕೀಬೋರ್ಡ್ ಮೇಲೆ ಶರ್ಮಿಳಾಳ ಕೈ. ಮೊದಲ ಆರು ಸ್ವರ ನುಡಿಸುತ್ತಾಳೆ.)

ಶರ್ಮಿಳಾ: ರಾಗ ಯೋಹಾನ್ ಕ್ರ್ಯೂಗರ್ ಅವರದ್ದು, ಬರ್ಲಿನ್ನಿನಲ್ಲಿ ಚರ್ಚಿನ ಸಂಗೀತ ನೋಡಿಕೊಳ್ಳುತ್ತಿದ್ದವರು. ಕೇಳಿ. ಪ ಪ ಪ, ದ ದ ಪ. ಅಷ್ಟೇ. ಮೊದಲ ಮೂರು ಸ್ವರ ಒಂದೇ ಕಡೆ ನಿಂತಿದೆ, ನಾಲ್ಕನೆಯದು ಒಂದೇ ಮೆಟ್ಟಿಲು ಹತ್ತಿ ವಾಪಸ್ ಇಳೀತದೆ. ಮಕ್ಕಳಿಗೂ ಬರ್ತದೆ, ಹಲ್ಲಿಲ್ಲದ ಅಜ್ಜನಿಗೂ ಬರ್ತದೆ.

ಇದಕ್ಕೆ ಡ್ರಮ್ಸ್ ಹಾಕಿದವರು ಇದ್ದಾರೆ ನಿತಿನ್, ನೀನು ಮೊದಲಿನವನಲ್ಲ. 1757ರಲ್ಲಿ ಲೊಯ್ಟನ್ ಅನ್ನುವ ಕಡೆ ಯುದ್ಧ ಗೆದ್ದ ಪ್ರಷ್ಯದ ಸೈನಿಕರು ರಾತ್ರಿ ಇದೇ ಹಾಡು ಹಾಡಿದರಂತೆ. ಅಲ್ಲಿಂದ ಇದಕ್ಕೆ ಗೆಲುವಿನ ಹಾಡು ಅಂತ ಹೆಸರು ಬಂತು. ನನಗೆ ಅದು ಹಿಡಿಸುವುದಿಲ್ಲ. ಸೈನಿಕರ ಕಾಟ ಉಂಡವನ ಊಟದ ಪ್ರಾರ್ಥನೆ ಸೈನಿಕರ ಬಾಯಿಗೆ ಹೋಯ್ತು.

ನಿತಿನ್: ಹಾಗಾದರೆ ಡ್ರಮ್ಸ್ ಬೇಡವಾ?

ಶರ್ಮಿಳಾ: ಎರಡು ಚರಣ ಬೇಡ. ಮೂರನೆಯದಕ್ಕೆ ಮೆಲ್ಲಗೆ ಸೇರಿಸು, ಪಾಸ್ಟರಿಗೆ ನಾನು ಹೇಳ್ತೇನೆ.

ನಿತಿನ್: ಇದು ನಮ್ಮ ಕನ್ನಡಕ್ಕೆ ಬಂದದ್ದು ಹೇಗೆ ಅಕ್ಕ?

ಶರ್ಮಿಳಾ: ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಅವರ ಬಾಯಲ್ಲಿ ಇಂಥ ಜರ್ಮನ್ ರಾಗಗಳು ಇದ್ದವು. ಆ ಕಡೆಯ ಸಭೆಗಳಿಂದ ನಮ್ಮ ಅಜ್ಜ ಅಜ್ಜಿಯರು ಕೆಲಸಕ್ಕೆ ಅಂತ ಬೊಂಬಾಯಿಗೆ ಬಂದರು. ಟ್ರಂಕಿನಲ್ಲಿ ಎರಡು ಸೀರೆ, ಒಂದು ಬೈಬಲ್, ಈ ಪುಸ್ತಕ. ನಮಗೆ ಇಲ್ಲಿ ಗದ್ದೆ ಇಲ್ಲ. ಬೆಳೆಹಬ್ಬಕ್ಕೆ ತೆಂಗಿನಕಾಯಿ, ಗೆಣಸು ಎಲ್ಲ ದಾದರ್ ಮಾರ್ಕೆಟ್ಟಿಂದಲೇ ತರುವುದು. ನಮ್ಮದೇ ಬೆಳೆ ಅಂತ ಇರುವುದು ಬಾಲ್ಕನಿಯ ಕರಿಬೇವು. ಕಳೆದ ವರ್ಷ ಅಮ್ಮ ಅದನ್ನೇ ಒಂದು ಕಟ್ಟು ತಂದಿಟ್ಟರು, ಏಲಂನಲ್ಲಿ ಇನ್ನೂರು ರೂಪಾಯಿಗೆ ಹೋಯ್ತು.

ದೃಶ್ಯ 5

(ಕ್ಯಾಮೆರಾ ಮೇಜಿನ ಮೇಲೆ ಒರಗಿದೆ. ನಿತಿನ್ ಬಂದು ಎದುರು ಕುರ್ಚಿಯಲ್ಲಿ ಕೂರುತ್ತಾನೆ. ಮೊದಲ ಬಾರಿ ಮುಖ ಕಾಣುತ್ತದೆ.)

ಶರ್ಮಿಳಾ: ಪ್ರಾಕ್ಟೀಸ್ ಶನಿವಾರ ಸಂಜೆ ಐದಕ್ಕೆ. ಮೆಗಾಬ್ಲಾಕ್ ಇದ್ದರೆ ಬಸ್ಸಲ್ಲಿ ಬನ್ನಿ, ನೆಪ ಬೇಡ. ಮೊದಲ ಚರಣ ಬಾಯಿಪಾಠ ಆಗಿರಬೇಕು, ಮೊಬೈಲ್ ನೋಡುವಂತಿಲ್ಲ. ಆ ವಾರ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಸಲ ಹೇಳಿ ನೋಡಿ. ಹಾಡಬೇಕಂತಿಲ್ಲ, ಹೇಳಿದರೆ ಸಾಕು.

ನಿತಿನ್: ಅಪ್ಪ ಟಿವಿ ಆಫ್ ಮಾಡುವುದಿಲ್ಲ ಅಕ್ಕ.

ಶರ್ಮಿಳಾ: ಮ್ಯೂಟ್ ಮಾಡಲಿಕ್ಕೆ ಹೇಳು. ಬಾ, ಈಗ ಹೇಳುವಾ. ಸ್ವರ ಕೊಡ್ತೇನೆ.

(ಒಂದು ಕೈಯಿಂದ ಕೀಬೋರ್ಡ್. ಪ ಪ ಪ, ದ ದ ಪ. ಇಬ್ಬರೂ ಮೊದಲ ಚರಣ ಮೆಲ್ಲನೆ ಹಾಡುತ್ತಾರೆ. ಮೂರನೇ ಸಾಲಿನಲ್ಲಿ ನಿತಿನ್ ಮಾತು ಮರೆತು ಶರ್ಮಿಳಾಳ ಮುಖ ನೋಡುತ್ತಾನೆ; ಅವಳು ನಿಲ್ಲಿಸದೆ ಹಾಡುತ್ತಾಳೆ, ಅವನು ಮತ್ತೆ ಸೇರಿಕೊಳ್ಳುತ್ತಾನೆ. ಇದನ್ನು ಎಡಿಟ್‌ನಲ್ಲಿ ತೆಗೆಯಬೇಡಿ. ಹಾಡು ಮುಗಿದ ಮೇಲೆ ನಿತಿನ್ ಬಟ್ಟಲು ಎಳೆದುಕೊಳ್ಳುತ್ತಾನೆ. ಚಮಚದ ಸದ್ದು.)

ನಿತಿನ್: ಉಪ್ಪಿನಕಾಯಿ ಇತ್ತ ಕೊಡಿ ಅಕ್ಕ.

(ತೆರೆ ಕಪ್ಪಾಗುತ್ತದೆ.)