ಉದ್ದೇಶ ಪತ್ರ: ಎಂ.ಎ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ, ಮೈಸೂರು ವಿಶ್ವವಿದ್ಯಾನಿಲಯ

ಪಾವಗಡ ತಾಲ್ಲೂಕಿನ ಮೂರು ಕಡೆ ಆಂಧ್ರಪ್ರದೇಶ. ನಾನು ಸುದ್ದಿ ಕೇಳಿ ತಿಳಿಯುವುದು ಹೆಚ್ಚಾಗಿ ತೆಲುಗಿನಲ್ಲಿ, ಬರೆಯುವುದು ಕನ್ನಡದಲ್ಲಿ. ಬಿ.ಎ. ಮುಗಿಸಿ ನಾಲ್ಕು ವರ್ಷದಿಂದ ಒಂದು ಜಿಲ್ಲಾ ದಿನಪತ್ರಿಕೆಯ ತಾಲ್ಲೂಕು ವರದಿಗಾರ್ತಿಯಾಗಿದ್ದೇನೆ. ಜಾತ್ರೆ, ಕೆಡಿಪಿ ಸಭೆ, ಅಪಘಾತ, ಬೆಳೆ ವಿಮೆ ಎಲ್ಲವನ್ನೂ ನಾನೊಬ್ಬಳೇ ನೋಡಿಕೊಳ್ಳಬೇಕು. ಆಗಸ್ಟ್ 15, ರಾಜ್ಯೋತ್ಸವ ಬಂದರೆ ಜಾಹೀರಾತನ್ನೂ ತರಬೇಕು. ಯಾರ ಕೆಲಸವನ್ನು ಪ್ರಶ್ನಿಸಿ ಬರೆಯಬೇಕೋ ಅವರ ಬಾಗಿಲಿಗೇ ಜಾಹೀರಾತಿಗೆಂದು ಹೋಗುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ಓದಲೇಬೇಕು ಅನ್ನಿಸಿದ್ದು ನಾನೇ ಬರೆದ ಒಂದು ತಪ್ಪು ಸುದ್ದಿಯಿಂದ. ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ರಿಪೇರಿಯಾಗಿದೆ ಎಂದು ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದರು. ಹೋಗಿ ನೋಡದೆ ಹಾಗೇ ಬರೆದೆ. ಎರಡು ದಿನದ ಮೇಲೆ ಆ ಊರಿಗೆ ಹೋದಾಗ ಅಜ್ಜಿಯೊಬ್ಬರು ನನ್ನನ್ನು ಘಟಕದ ಹತ್ತಿರ ಕರೆದುಕೊಂಡು ಹೋದರು. ಫ್ಲೋರೈಡ್ ನೀರು ಕುಡಿದು ಅವರ ಮಂಡಿಗಳು ಬಿಗಿದುಹೋಗಿದ್ದವು. ಐವತ್ತು ಹೆಜ್ಜೆಗೆ ಎರಡು ಸಲ ನಿಂತರು. ಬಿಂದಿಗೆ ಇಟ್ಟು ಐದು ರೂಪಾಯಿ ನಾಣ್ಯ ಹಾಕಿದರು. ನಾಣ್ಯ ಟಣ್ ಎಂದು ಹೊರಗೆ ಬಿತ್ತು, ನೀರು ಬರಲಿಲ್ಲ. ನೀರು ಬರುತ್ತದೆ ಅಂತ ಪೇಪರಿನಲ್ಲಿ ಹಾಕಿದ್ದು ನೀನೇನಾ ತಾಯಿ ಎಂದು ತೆಲುಗಿನಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ತಿದ್ದುಪಡಿ ಬರೆದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ನಿರ್ವಹಣೆಯ ದಾಖಲೆ ತರಿಸಿದೆ. ಬಿಲ್ಲುಗಳು, ಅಳತೆ ಪುಸ್ತಕದ ಪ್ರತಿಗಳು, ನೀರಿನ ಪರೀಕ್ಷಾ ವರದಿಗಳು ಸೇರಿ ದಪ್ಪ ಕಟ್ಟೊಂದು ಬಂತು. ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು ಎಂಬುದು ಗೊತ್ತಿತ್ತು. ಆದರೆ ಬಿಲ್ಲಿಗೂ ಅಳತೆ ಪುಸ್ತಕಕ್ಕೂ ತಾಳೆ ನೋಡುವುದು ಹೇಗೆ, ಯಾವ ಅಂಕಿಯನ್ನು ನಂಬಬೇಕು, ಎಷ್ಟು ಸಿಕ್ಕರೆ ಆರೋಪ ಮಾಡಬಹುದು ಎಂಬುದು ತಿಳಿಯಲಿಲ್ಲ. ಖಚಿತವಾದಷ್ಟನ್ನೇ ಬರೆದೆ, ಘಟಕ ಶುರುವಾಯಿತು. ಕಟ್ಟಿನ ಮುಕ್ಕಾಲು ಪಾಲು ಇನ್ನೂ ನನಗೆ ಅರ್ಥವಾಗದೆ ಉಳಿದಿದೆ.

ದಾಖಲೆ ಮತ್ತು ಅಂಕಿಅಂಶ ಆಧರಿಸಿದ ವರದಿಗಾರಿಕೆ, ಮಾಧ್ಯಮ ಕಾನೂನು, ಸಂಶೋಧನಾ ವಿಧಾನ ಈ ಮೂರನ್ನು ಕ್ರಮವಾಗಿ ಕಲಿಯಲು ಮಾನಸಗಂಗೋತ್ರಿಗೆ ಬರಲು ಬಯಸುತ್ತೇನೆ. ಪ್ರಬಂಧಕ್ಕೆ ವಿಷಯವೂ ಮನಸ್ಸಿನಲ್ಲಿದೆ. ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೌರ ಪಾರ್ಕಿಗೆ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಜಮೀನಿದ್ದವರಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆ ಬರುತ್ತದೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ ಏನಾಯಿತು? ಕನ್ನಡ ಪತ್ರಿಕೆಗಳು ಈ ಇಬ್ಬರಲ್ಲಿ ಯಾರನ್ನು ಎಷ್ಟು ಮಾತಾಡಿಸಿವೆ ಎಂಬುದನ್ನು ಅಧ್ಯಯನ ಮಾಡಬೇಕೆಂದಿದ್ದೇನೆ. ನಾನೂ ಪಾರ್ಕಿನ ಬಗ್ಗೆ ಹಲವು ಸಲ ಬರೆದಿದ್ದೇನೆ, ಕೂಲಿಯವರ ಮನೆಗೆ ಹೋಗಿದ್ದು ಒಂದೇ ಸಲ.

ಓದು ಮುಗಿಸಿ ಪಾವಗಡಕ್ಕೇ ಮರಳುತ್ತೇನೆ. ಅಲ್ಲಿಯವರೆಗೆ ರಜೆಗಳಲ್ಲಿ ಊರಿನ ವರದಿ ಮಾಡಲು ಸಂಪಾದಕರು ಒಪ್ಪಿದ್ದಾರೆ. ಆ ಕಾಗದದ ಕಟ್ಟನ್ನು ಮೈಸೂರಿಗೆ ತರುತ್ತೇನೆ.