ಬೀಜ ದೋಷದಿಂದ ಹಾಳಾದ ಮೆಕ್ಕೆಜೋಳಕ್ಕೆ ಪರಿಹಾರ ಕೋರಿ ಪತ್ರ

ಜಗಳೂರು
ದಿನಾಂಕ: 12-11-2024

ಇವರಿಗೆ,
ಮಾಲೀಕರು, ಬಿತ್ತನೆ ಬೀಜ ಮಾರಾಟ ಮಳಿಗೆ, ದಾವಣಗೆರೆ

ಮಾನ್ಯರೇ,

ಜೂನ್ 5ರಂದು ನಿಮ್ಮ ಅಂಗಡಿಯಲ್ಲಿ ಹೈಬ್ರಿಡ್ ಮೆಕ್ಕೆಜೋಳದ 4 ಕೆ.ಜಿ.ಯ 6 ಪ್ಯಾಕೆಟ್ ಕೊಂಡು 3 ಎಕರೆಗೆ ಬಿತ್ತಿದ್ದೆ. ಹುಟ್ಟುವಾಗಲೇ ಸಾಲಿನಲ್ಲಿ ಜಾಗ ಜಾಗ ಖಾಲಿ. ಎದ್ದ ಪೈರೂ ಒಂದೇ ಸಮ ಬರಲಿಲ್ಲ. ಒಂದು ಆಳೆತ್ತರ, ಪಕ್ಕದ್ದು ಮೊಣಕಾಲುದ್ದ. ಈಗ ತೆನೆ ಸುಲಿದರೆ ಬುಡದಲ್ಲಷ್ಟೇ ನಾಲ್ಕು ಕಾಳು, ಮೇಲೆಲ್ಲ ಬರೀ ಬೆಂಡು.

ಮಳೆ, ಗೊಬ್ಬರದ ಮೇಲೆ ಹಾಕಬೇಡಿ. ಬದುವಿನಾಚೆ ನಮ್ಮ ಅಣ್ಣನ ಹೊಲ. ಅದೇ ಮಣ್ಣು, ಅದೇ ವಾರದ ಬಿತ್ತನೆ, ಅದೇ ಡಿಎಪಿ, ಯೂರಿಯಾ. ಬೀಜ ಮಾತ್ರ ಬೇರೆ. ಅವನಿಗೆ ಎಕರೆಗೆ 20 ಕ್ವಿಂಟಲ್ ಬಂದಿದೆ. ನನಗೆ ಮೂರೂ ಎಕರೆ ಸೇರಿ 14. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳು ಬೆಳೆ ನಿಂತಿದ್ದಾಗಲೇ ಎರಡೂ ಹೊಲ ನೋಡಿ ವರದಿ ಬರೆದಿದ್ದಾರೆ.

ನಷ್ಟವಾದ 46 ಕ್ವಿಂಟಲ್‌ಗೆ 2,000 ರೂ.ನಂತೆ 92,000, ಬೀಜದ ಹಣ 8,400, ಒಟ್ಟು 1,00,400 ರೂ. ಈ ಪತ್ರ ತಲುಪಿದ 15 ದಿನದೊಳಗೆ ಕೊಡಬೇಕು. ಕಂಪನಿಯನ್ನು ಕೇಳಿ ಎಂದು ನನ್ನನ್ನು ಅಲೆಸಬೇಡಿ. ದುಡ್ಡು ಎಣಿಸಿಕೊಂಡವರು ನೀವು, ಬಿಲ್ಲೂ ನಿಮ್ಮದೇ.

ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಗಡುವು ಮೀರಿದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಲಾಟ್ ನಂಬರ್ ಇರುವ ಖಾಲಿ ಚೀಲ, ಟ್ಯಾಗ್, ಉಳಿದ ಒಂದು ಹಿಡಿ ಬೀಜ ನನ್ನ ಹತ್ತಿರ ಜೋಪಾನವಾಗಿವೆ. ಈ ಬೆಳೆ ನಂಬಿ ಸೊಸೈಟಿಯಲ್ಲಿ ಸಾಲ ಎತ್ತಿದ್ದೇನೆ, ತಡ ಮಾಡಬೇಡಿ.

ಇಂತಿ,
ಬಸವರಾಜಪ್ಪ, ರೈತ

ಲಗತ್ತು: ಬಿಲ್ಲು, ಟ್ಯಾಗ್, ಕೃಷಿ ಅಧಿಕಾರಿಗಳ ವರದಿ, ಪಹಣಿ ಇವುಗಳ ನಕಲು, ಎರಡೂ ಹೊಲದ ಫೋಟೊ