ಪರೀಕ್ಷೆಯ ಹಿಂದಿನ ರಾತ್ರಿಗೊಂದು ಉಸಿರಾಟ

ಓದುವವರಿಗೆ: ಮಂಡ್ಯದ ನಮ್ಮ ಹುಡುಗಿಯರ ಹಾಸ್ಟೆಲ್‌ನಲ್ಲಿ, ದ್ವಿತೀಯ ಪಿಯುಸಿ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ, ಊಟದ ಹಾಲ್‌ನಲ್ಲಿ ಕೂರಿಸಿಕೊಂಡು ಓದುವುದಕ್ಕೆ ಬರೆದದ್ದು. ಸುಮಾರು 12 ನಿಮಿಷ ಹಿಡಿಯುತ್ತದೆ. ಕಂಸದಲ್ಲಿ ಇರುವುದನ್ನು ಓದಬೇಡಿ, ಅಷ್ಟು ಹೊತ್ತು ಸುಮ್ಮನಿರಿ. ಬೇಗ ಮುಗಿಸಿಬಿಡೋಣ ಅನ್ನಿಸಿದರೆ ನೀವೂ ಒಂದು ಉಸಿರು ಬಿಟ್ಟು ಮುಂದಿನ ಸಾಲಿಗೆ ಹೋಗಿ.

*

ಪುಸ್ತಕ ಮುಚ್ಚಿಡಿ ಮಕ್ಕಳೇ. ಇನ್ನೊಂದು ಲೆಕ್ಕ ನೋಡಿಬಿಡ್ತೀನಿ ಮಿಸ್ ಅನ್ನುವವರೂ ಮುಚ್ಚಿಡಿ. ಅದು ಎಲ್ಲಿಗೂ ಓಡಿಹೋಗಲ್ಲ.

ಹೇಗೆ ಬೇಕೋ ಹಾಗೆ ಕೂತುಕೊಳ್ಳಿ. ಬೆಂಚಿಗೆ ಒರಗಬಹುದು. ನೆಲದ ಮೇಲೆ ಚಾಪೆ ಹಾಕಿಕೊಂಡೂ ಕೂರಬಹುದು. ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ. ಮುಚ್ಚಿದರೆ ಗಾಬರಿ ಜಾಸ್ತಿ ಆಗುವವರು ನೆಲದ ಒಂದು ಕಲ್ಲನ್ನು ನೋಡುತ್ತಿರಿ.

(10 ಸೆಕೆಂಡು)

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದನ್ನು ಮಾಡಿದರೆ ಹೆದರಿಕೆ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತಲೂ ಹೇಳುತ್ತಿಲ್ಲ. ಕೆಲವರಿಗೆ ಸ್ವಲ್ಪ ಹಗುರ ಅನ್ನಿಸಬಹುದು. ಕೆಲವರಿಗೆ ಏನೂ ಅನ್ನಿಸದೇ ಇರಬಹುದು. ಏನೂ ಅನ್ನಿಸದಿದ್ದರೆ ನೀವು ತಪ್ಪು ಮಾಡಿದಿರಿ ಅಂತಲ್ಲ.

ಆಸ್ತಮಾ ಇರುವವರು, ಮೂಗು ಕಟ್ಟಿರುವವರು ನನ್ನ ಎಣಿಕೆಗೆ ಜೋತುಬೀಳಬೇಡಿ. ನಿಮಗೆ ಎಷ್ಟು ಆಗುತ್ತದೋ ಅಷ್ಟೇ. ತಲೆ ತಿರುಗಿದ ಹಾಗಾದರೆ, ಬೆರಳು ಜುಮ್ಮೆಂದರೆ, ಬಿಟ್ಟುಬಿಡಿ. ಎಂದಿನ ಹಾಗೆ ಉಸಿರಾಡಿ. ಸುಮ್ನೆ ಕೂತಿರಿ, ಯಾರೂ ಏನೂ ಅನ್ನಲ್ಲ.

(10 ಸೆಕೆಂಡು)

ಈಗ ಪಾದ. ನೆಲ ತಣ್ಣಗಿದೆಯಾ, ಬೆಚ್ಚಗಿದೆಯಾ? ಬರೀ ಗಮನಿಸಿ.

(5 ಸೆಕೆಂಡು)

ಭುಜ. ಸಂಜೆಯಿಂದ ಕಿವಿಯ ಹತ್ತಿರಕ್ಕೆ ಏರಿ ಕೂತಿರಬಹುದು. ಇಳಿಯುವುದಾದರೆ ಇಳಿಯಲಿ.

(5 ಸೆಕೆಂಡು)

ಹಲ್ಲು. ಕಚ್ಚಿ ಹಿಡಿದಿದ್ದರೆ ಸ್ವಲ್ಪ ಸಡಿಲ ಬಿಡಿ. ತುಟಿ ಮುಚ್ಚಿರಲಿ, ಒಳಗೆ ಹಲ್ಲು ತಾಗದಿರಲಿ.

(10 ಸೆಕೆಂಡು)

ಒಂದು ಕೈಯನ್ನು ಹೊಟ್ಟೆಯ ಮೇಲೆ ಇಡಿ. ಉಸಿರನ್ನು ಬದಲಾಯಿಸುವುದು ಬೇಡ ಇನ್ನೂ. ಕೈ ಏಳುತ್ತದಾ, ಇಳಿಯುತ್ತದಾ, ನೋಡಿ ಅಷ್ಟೇ.

(20 ಸೆಕೆಂಡು)

ಎದೆ ಡವಡವ ಅನ್ನುತ್ತಿದ್ದರೆ ಅದು ಕಾಯಿಲೆ ಅಂತ ಅಂದುಕೊಳ್ಳಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಮೈ ಓಡುವುದಕ್ಕೆ ಸಿದ್ಧವಾಗುತ್ತದಲ್ವಾ, ನಾಳೆಯ ಪ್ರಶ್ನೆಪತ್ರಿಕೆಗೂ ಅದು ಹಾಗೇ ಸಿದ್ಧವಾಗುತ್ತಿದೆ. ಅದಕ್ಕೇನು ಗೊತ್ತು ನಾಳೆ ಇರುವುದು ಇಂಟಿಗ್ರೇಷನ್ ಅಂತ.

ಒಂದು ಸಂಗತಿ ಗೊತ್ತಿರಲಿ. ಉಸಿರು ತೆಗೆದುಕೊಳ್ಳುವಾಗ ಎದೆಬಡಿತ ಚೂರು ಜೋರಾಗುತ್ತದೆ, ಬಿಡುವಾಗ ಚೂರು ನಿಧಾನವಾಗುತ್ತದೆ. ಆದ್ದರಿಂದ ನಾವು ಬಿಡುವುದನ್ನು ಉದ್ದ ಮಾಡೋಣ. 4 ಎಣಿಸುತ್ತಾ ಒಳಗೆ, 6 ಎಣಿಸುತ್ತಾ ಹೊರಗೆ. ಮಧ್ಯೆ ಉಸಿರು ಕಟ್ಟಿ ಹಿಡಿಯುವುದು ಬೇಡ.

ನಾಲೆಗೆ ನೀರು ಬಿಡುವುದನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ತೂಬನ್ನು ಒಂದೇ ಸಲ ಪೂರ್ತಿ ಎತ್ತಿದರೆ ಗದ್ದೆ ಬದು ಕೊಚ್ಚಿಕೊಂಡು ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಎತ್ತಬೇಕು. ಉಸಿರನ್ನೂ ಹಾಗೇ ಬಿಡೋಣ. ಅದು ಬೇಡ ಅಂದರೆ, ಲೋಟದ ಬಿಸಿ ಹಾಲನ್ನು ಊದಿ ಆರಿಸುವ ಹಾಗೆ. ಜೋರಾಗಿ ಊದಿದರೆ ಹಾಲು ಚೆಲ್ಲುತ್ತದೆ.

(5 ಸೆಕೆಂಡು)

ಮೂಗಿನಿಂದ ಒಳಗೆ. ಒಂದು… ಎರಡು… ಮೂರು… ನಾಲ್ಕು…

ಬಾಯಿಂದ ಮೆತ್ತಗೆ ಹೊರಗೆ. ಒಂದು… ಎರಡು… ಮೂರು… ನಾಲ್ಕು… ಐದು… ಆರು…

ಮತ್ತೆ ಒಳಗೆ. ಒಂದು… ಎರಡು… ಮೂರು… ನಾಲ್ಕು…

ಹೊರಗೆ. ಒಂದು… ಎರಡು… ಮೂರು… ನಾಲ್ಕು… ಐದು… ಆರು…

ಆರರವರೆಗೆ ಬರಲಿಲ್ಲವಾ? ನಾಲ್ಕಕ್ಕೇ ಮುಗಿಯಿತಾ? ಮುಗಿಯಲಿ. ಗಾಳಿ ಬೇಕು ಅನ್ನಿಸಿದರೆ ತೆಗೆದುಕೊಳ್ಳಿ. ಇಲ್ಲಿ ಯಾರೂ ಮಾರ್ಕ್ಸ್ ಹಾಕುತ್ತಿಲ್ಲ.

ಒಳಗೆ. ಒಂದು… ಎರಡು… ಮೂರು… ನಾಲ್ಕು…

ಹೊರಗೆ. ಒಂದು… ಎರಡು… ಮೂರು… ನಾಲ್ಕು… ಐದು… ಆರು…

ಈಗ ನಾನು ಎಣಿಸಲ್ಲ. ನಿಮ್ಮ ಬೆರಳೇ ಎಣಿಸಲಿ. ಐದು ಉಸಿರು, ನಿಮ್ಮ ನಿಮ್ಮ ವೇಗದಲ್ಲಿ. ಒಂದು ಉಸಿರಿಗೆ ಒಂದು ಬೆರಳು ಮಡಚಿ.

(1 ನಿಮಿಷ. ಮಕ್ಕಳ ಮುಖ ನೋಡುತ್ತಾ ನಿಲ್ಲಬೇಡಿ, ನೀವೂ ಮಾಡಿ. ಅಷ್ಟರಲ್ಲಿ ಮೈಸೂರಿನ ಕಡೆ ರೈಲು ಹೋದರೆ ಮುಂದಿನ ಸಾಲನ್ನು ಮೆಲ್ಲಗೆ ಹೇಳಿ.)

ರೈಲು ಹೋಗುತ್ತಿದೆ. ಸದ್ದು ಬಂತು, ದೊಡ್ಡದಾಯಿತು, ಈಗ ದೂರ ಹೋಗುತ್ತಿದೆ. ಕೇಳಿಸಿಕೊಳ್ಳಿ, ಆಮೇಲೆ ಬೆರಳಿಗೆ ವಾಪಸ್ ಬನ್ನಿ.

(20 ಸೆಕೆಂಡು)

ಮಧ್ಯೆ ಯೋಚನೆ ಬಂದಿರುತ್ತದೆ. ಮ್ಯಾಟ್ರಿಕ್ಸ್ ಬಂದಿರುತ್ತದೆ, ಅಪ್ಪನ ಮುಖ ಬಂದಿರುತ್ತದೆ, ಪಕ್ಕದ ಮನೆಯವರು ಏನಂತಾರೋ ಅನ್ನುವುದೂ ಬಂದಿರುತ್ತದೆ. ಅದನ್ನು ಓಡಿಸುವುದಕ್ಕೆ ಹೋಗಬೇಡಿ, ಸೋತುಹೋಗ್ತೀರಿ. ಬಂದಿದೆ ಅಂತ ಗೊತ್ತಾದ ತಕ್ಷಣ ಮುಂದಿನ ಉಸಿರು ಬಿಡಿ. ಹತ್ತು ಸಲ ಬಂದರೆ ಹತ್ತು ಸಲ.

(15 ಸೆಕೆಂಡು)

ನನ್ನದೇ ಒಂದು ಕಥೆ. ಪಿಯುಸಿ ಗಣಿತದ ದಿನ ಉತ್ತರಪತ್ರಿಕೆ ಕೈಗೆ ಬಂತು. ರಿಜಿಸ್ಟರ್ ನಂಬರ್ ಬರೆಯುವಾಗ ಬೆರಳಿನ ಬೆವರಿಗೆ ಎರಡು ಅಂಕಿ ಕಲೆಸಿಹೋಯಿತು. ಆ ನೀಲಿ ಕಲೆ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಆಗ ನನಗೆ ಯಾವ ಉಸಿರಾಟವೂ ಗೊತ್ತಿರಲಿಲ್ಲ. ಕೊಠಡಿಯಲ್ಲಿದ್ದ ಮೇಡಂ ಬಂದು, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳಮ್ಮ ಅಂದರು. ಕೈ ಒರೆಸಿಕೊಂಡೆ. ಭಯ ಹೋಗಲಿಲ್ಲ. ಭಯ ಇಟ್ಟುಕೊಂಡೇ ಮೊದಲನೇ ಪ್ರಶ್ನೆ ಬರೆದೆ.

ನಾಳೆ ನೀವು ಮಾಡಬೇಕಾದದ್ದೂ ಅಷ್ಟೇ ಅನ್ನಿಸುತ್ತದೆ. ಪತ್ರಿಕೆ ನೋಡಿದಾಗ ಎಲ್ಲ ಮರೆತುಹೋದ ಹಾಗೆ ಅನ್ನಿಸಬಹುದು. ಆಗ ಪೆನ್ನು ಕೆಳಗಿಡಿ. ಪಾದ ನೆಲಕ್ಕೆ ಒತ್ತಿ. ಇಂಥವೇ ಮೂರು ಉಸಿರು. ಅರ್ಧ ನಿಮಿಷ ಹೋಗುತ್ತದೆ, ಹೋಗಲಿ. ಆಮೇಲೆ ನಿಮಗೆ ತುಂಬ ಸುಲಭ ಅನ್ನಿಸಿದ ಪ್ರಶ್ನೆಯನ್ನು ಹುಡುಕಿ. ಒಂದೊಂದು ಮಾರ್ಕ್ಸಿನದೇ ಆಗಲಿ.

ಈಗ ಕಡೆಯ ಎರಡು ಉಸಿರು.

ಒಳಗೆ. ಒಂದು… ಎರಡು… ಮೂರು… ನಾಲ್ಕು…

ಹೊರಗೆ. ಒಂದು… ಎರಡು… ಮೂರು… ನಾಲ್ಕು… ಐದು… ಆರು…

ಒಳಗೆ…

(4 ಸೆಕೆಂಡು)

ಹೊರಗೆ…

(6 ಸೆಕೆಂಡು)

ಉಸಿರನ್ನು ಅದರ ಪಾಡಿಗೆ ಬಿಡಿ. ಕೈ ತೆಗೆಯಿರಿ. ಬೆರಳು ಆಡಿಸಿ. ಕಣ್ಣು ಮುಚ್ಚಿದ್ದವರು ನಿಧಾನವಾಗಿ ತೆರೆಯಿರಿ.

(15 ಸೆಕೆಂಡು)

ಇನ್ನೂ ಎದೆ ಹೊಡೆದುಕೊಳ್ಳುತ್ತಿದ್ದರೆ ಪರವಾಗಿಲ್ಲ. ಆದರೆ ಎಷ್ಟೋ ದಿನದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಅಳು ನಿಲ್ಲುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಈ ಉಸಿರಾಟವೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಇವತ್ತೇ ಹೇಳಿ. ನನಗೆ ಹೇಳಿ, ಮನೆಯಲ್ಲಿ ಹೇಳಿ, ಡಾಕ್ಟರ್ ಹತ್ತಿರ ಹೋಗೋಣ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬೋರ್ಡಿನ ಮೇಲೆ ಬರೆದಿದ್ದೀನಿ. ಫೋನ್ ಬೇಕಿದ್ದರೆ ನನ್ನ ರೂಮಿನ ಬಾಗಿಲು ತಟ್ಟಿ, ಎಷ್ಟು ಹೊತ್ತಾಗಿದ್ದರೂ ಸರಿ.

ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲ್, ಈಗಲೇ ಬ್ಯಾಗಿಗೆ ಹಾಕಿಬಿಡಿ. ಬೆಳಿಗ್ಗೆ ಆರಕ್ಕೆ ನಾನೇ ಎಬ್ಬಿಸ್ತೀನಿ. ನಿದ್ದೆ ಬರದಿದ್ದರೆ ಸುಮ್ನೆ ಮಲಗಿರಿ, ಗಡಿಯಾರ ನೋಡಬೇಡಿ.

ಎದ್ದೇಳಿ ಈಗ. ಬೆಂಚು ಎಳೆಯಬೇಡಿ, ಎತ್ತಿಡಿ. ಆ ಮೂಲೆಯಲ್ಲಿ ಒಬ್ಬಳು ಇನ್ನೂ ಕಣ್ಣು ತೆರೆದಿಲ್ಲ.